ಹನ್ನೆರಡು ಸಾಲಿನಲ್ಲಿ ಸ್ಕ್ರೂಜ್: ಕಾದಂಬರಿ ಪರೀಕ್ಷೆಗೆ ಒಂದು ಚೌಕಪಟ್ಟಿ

ಕಳೆದ ವರ್ಷ ನನ್ನ ಮಗಳ ಕೋಣೆಯ ಗೋಡೆ ಮೇಲೆ ಒಂದು ದೊಡ್ಡ ಹಾಳೆ ಅಂಟಿತ್ತು. ಎಡಗಡೆ ಮೇಲಿನಿಂದ ಕೆಳಗೆ ಎಂಟು ಪಾತ್ರಗಳ ಹೆಸರು. ಮೇಲ್ಗಡೆ ಅಡ್ಡಕ್ಕೆ ಏಳು ಆಶಯಗಳು: ಬಡತನ, ದುರಾಸೆ, ಕುಟುಂಬ, ಹೀಗೆ. ನಡುವೆ ಚೌಕಾಬಾರದ ಹಾಗೆ 56 ಮನೆಗಳು. ಒಂದು ಮನೆಯನ್ನೂ ಖಾಲಿ ಬಿಡದೆ ಪುಟ್ಟ ಪುಟ್ಟ ಅಕ್ಷರದಲ್ಲಿ ಕಾದಂಬರಿಯ ಸಾಲುಗಳನ್ನು ತುಂಬಿದ್ದಳು. ಎಣಿಸಿ ನೋಡಿದರೆ ತೊಂಬತ್ತರ ಮೇಲಿದ್ದವು. ಎಲ್ಲವೂ ಅವಳಿಗೆ ಬಾಯಿಪಾಠ ಬರುತ್ತಿತ್ತು. ಆದರೂ ಶಾಲೆಯ ಅಣಕು ಪರೀಕ್ಷೆಯಲ್ಲಿ ಬಂದದ್ದು 30ಕ್ಕೆ 14 ಅಂಕ.

ಉತ್ತರಪತ್ರಿಕೆ ಮನೆಗೆ ಬಂದಾಗ ಇಬ್ಬರೂ ಕೂತು ಓದಿದೆವು. ಎರಡು ಪುಟದಲ್ಲಿ ಹದಿನೇಳು ಸಾಲುಗಳನ್ನು ಉದ್ಧರಿಸಿದ್ದಳು. ಒಂದು ಸಾಲು, ಅದಕ್ಕೊಂದು ಚಿಕ್ಕ ವಿವರಣೆ, ಮತ್ತೊಂದು ಸಾಲು. ಯಾವುದೂ ತಪ್ಪಿರಲಿಲ್ಲ. ಆದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇರಲಿಲ್ಲ. 'ಅಮ್ಮಾ, ಗ್ರಿಡ್ ಮಾಡಿ ಅಂದ್ರು, ಮಾಡಿದೆ. ಇನ್ನೇನು ಮಾಡ್ಬೇಕಿತ್ತು?' ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಪಾತ್ರ, ಆಶಯ, ಸಾಲು, ಈ ಮೂರನ್ನು ಒಂದು ಚೌಕಪಟ್ಟಿಯಲ್ಲಿ ಹಾಕಿ ಕಾದಂಬರಿಯನ್ನು ಪುನರಾವರ್ತನೆ ಮಾಡುವುದು ಇಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲಿ ತುಂಬ ಬಳಕೆಯಲ್ಲಿರುವ ರೂಢಿ. ಪಟ್ಟಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಯಾವ ಮನೆ ತುಂಬಬೇಕು, ಯಾವುದನ್ನು ಖಾಲಿ ಬಿಡಬೇಕು ಅನ್ನುವುದನ್ನು ನಾವೇ ಕಂಡುಕೊಳ್ಳಬೇಕಾಯಿತು. ಆಮೇಲಿನ ನಾಲ್ಕು ತಿಂಗಳಲ್ಲಿ ನಾವು ಆ ಹಾಳೆಯನ್ನು ಹೇಗೆ ಬದಲಾಯಿಸಿದೆವು ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ.

ಪುಸ್ತಕ ಚಾರ್ಲ್ಸ್ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್'. 1843ರ ಡಿಸೆಂಬರಿನಲ್ಲಿ ಬಂದ ಚಿಕ್ಕ ಕಾದಂಬರಿ. ಗೊತ್ತಿಲ್ಲದವರಿಗೆ ಕಥೆ ಇಷ್ಟು: ಎಬನೀಜರ್ ಸ್ಕ್ರೂಜ್ ಲಂಡನ್ನಿನ ಒಬ್ಬ ಜಿಪುಣ ಮುದುಕ. ಕ್ರಿಸ್‌ಮಸ್ ಹಿಂದಿನ ರಾತ್ರಿ ಅವನ ಸತ್ತುಹೋದ ಪಾಲುದಾರ ಮಾರ್ಲಿ ದೆವ್ವವಾಗಿ ಬಂದು ಎಚ್ಚರಿಸುತ್ತಾನೆ. ಆಮೇಲೆ ಮೂರು ದೆವ್ವಗಳು ಬಂದು ಅವನ ಹಿಂದಿನದನ್ನು, ಇಂದಿನದನ್ನು, ಮುಂದಿನದನ್ನು ತೋರಿಸುತ್ತವೆ. ಬೆಳಗಾದಾಗ ಅವನು ಬೇರೆ ಮನುಷ್ಯ. ಪುಸ್ತಕದಲ್ಲಿ ಐದು ಅಧ್ಯಾಯಗಳಿವೆ. ಇದೊಂದು ಕ್ರಿಸ್‌ಮಸ್ ಹಾಡು ಅನ್ನುವ ಅರ್ಥದಲ್ಲಿ ಡಿಕನ್ಸ್ ಅಧ್ಯಾಯಗಳನ್ನು 'ಸ್ಟೇವ್', ಅಂದರೆ ಹಾಡಿನ ಚರಣ, ಅಂತ ಕರೆದ.

ಮೊದಲು ಪರೀಕ್ಷೆ ಏನು ಕೇಳುತ್ತದೆ ಅಂತ ನೋಡಬೇಕು, ಯಾಕೆಂದರೆ ಪಟ್ಟಿಯ ಅಳತೆ ಅದರ ಮೇಲೆ ನಿಂತಿದೆ. ನನ್ನ ಮಗಳದ್ದು ಜಿಸಿಎಸ್‌ಇ, ಇಲ್ಲಿ ಮಕ್ಕಳು ಹದಿನಾರರ ಹೊತ್ತಿಗೆ ಬರೆಯುವ ಪರೀಕ್ಷೆ; ಇಂಗ್ಲಿಷ್ ಸಾಹಿತ್ಯದ್ದು, ಎಕ್ಯೂಎ ಅನ್ನುವ ಪರೀಕ್ಷಾ ಮಂಡಳಿ ನಡೆಸುವುದು. ಮೊದಲ ಪತ್ರಿಕೆಗೆ ಒಂದು ಮುಕ್ಕಾಲು ಗಂಟೆ. ಅದರಲ್ಲಿ ಒಂದು ಶೇಕ್ಸ್‌ಪಿಯರ್ ನಾಟಕ, ಒಂದು ಹತ್ತೊಂಬತ್ತನೇ ಶತಮಾನದ ಕಾದಂಬರಿ. ಅಂದರೆ ಕಾದಂಬರಿಗೆ ಸಿಗುವುದು ಹೆಚ್ಚುಕಡಿಮೆ 50 ನಿಮಿಷ. ಪುಸ್ತಕ ಒಳಗೆ ಒಯ್ಯುವಂತಿಲ್ಲ. ಆದರೆ ಪ್ರಶ್ನೆಪತ್ರಿಕೆಯಲ್ಲೇ ಕಾದಂಬರಿಯ ಒಂದು ತುಣುಕು ಅಚ್ಚಾಗಿರುತ್ತದೆ. ಆ ತುಣುಕಿನಿಂದ ಶುರು ಮಾಡಿ ಇಡೀ ಕಾದಂಬರಿಯಲ್ಲಿ ಡಿಕನ್ಸ್ ಇಂಥದ್ದನ್ನು ಹೇಗೆ ಚಿತ್ರಿಸಿದ್ದಾನೆ ಅಂತ ಬರೆಯಬೇಕು. 30 ಅಂಕದಲ್ಲಿ 12 ನಿಮ್ಮ ವಾದಕ್ಕೆ ಮತ್ತು ಅದಕ್ಕೆ ಕೊಡುವ ಆಧಾರಕ್ಕೆ, 12 ಭಾಷೆ ಮತ್ತು ರಚನೆಯ ವಿಶ್ಲೇಷಣೆಗೆ, 6 ಆ ಕಾಲದ ಸಂದರ್ಭಕ್ಕೆ.

ಇದನ್ನು ನಿಧಾನವಾಗಿ ಓದಿದರೆ ಎರಡು ಸಂಗತಿ ಗೊತ್ತಾಗುತ್ತದೆ. ಒಂದು, ಅಚ್ಚಾದ ತುಣುಕಿನ ಸಾಲುಗಳು ಕಣ್ಣೆದುರಿಗೇ ಇರುತ್ತವೆ, ಅವುಗಳನ್ನು ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಪುಸ್ತಕದ ಉಳಿದ ಭಾಗದಿಂದ ಮಾತ್ರ ನೆನಪಿನಿಂದ ತರಬೇಕು. 50 ನಿಮಿಷದಲ್ಲಿ ನೆಟ್ಟಗೆ ಬರೆಯಲಾಗುವುದು ನಾಲ್ಕು ಪ್ಯಾರಾ. ಅದಕ್ಕೆ ನೆನಪಿನಿಂದ ಐದಾರು ಸಾಲು ಬಂದರೆ ಧಾರಾಳ. ಎರಡು, ಸಾಲನ್ನು ಬರೀ ಹೇಳಿದ್ದಕ್ಕೆ ಅಂಕವಿಲ್ಲ. ಅದರ ಒಂದು ಪದವನ್ನು ಹಿಡಿದು ಮಾತಾಡಬೇಕು. ಹಾಗಿದ್ದ ಮೇಲೆ ತೊಂಬತ್ತು ಸಾಲು ಯಾಕೆ? ಪ್ರಶ್ನೆ ಯಾವುದೇ ಬರಲಿ, ತಿರುಗಿಸಿ ಬಳಸಬಹುದಾದ ಹನ್ನೆರಡು ಸಾಲು ಸಾಕು. ಆ ಹನ್ನೆರಡು ಯಾವುವು ಅಂತ ಹುಡುಕುವುದಕ್ಕೇ ಈ ಪಟ್ಟಿ ಇರುವುದು. ಸಾಲು ತುಂಬಿಡುವ ಉಗ್ರಾಣ ಅಂದುಕೊಂಡದ್ದರಿಂದಲೇ ಮೊದಲ ಹಾಳೆ ಕೈಕೊಟ್ಟಿತು.

ಎರಡನೇ ಹಾಳೆಯಲ್ಲಿ ನಾವು ಮೊದಲು ಸರಿಮಾಡಿದ್ದು ಎಡಗಡೆಯ ಪಾತ್ರಗಳ ಸಾಲನ್ನು. ಹಳೆಯ ಪಟ್ಟಿಯಲ್ಲಿ ಸ್ಕ್ರೂಜ್‌ಗೆ ಒಂದೇ ಅಡ್ಡಸಾಲಿತ್ತು. 'ದುರಾಸೆ' ಅನ್ನುವ ಅವನ ಮನೆಯಲ್ಲಿ ಮೊದಲ ಅಧ್ಯಾಯದ ಜಿಪುಣತನವೂ ಕೊನೆಯ ಅಧ್ಯಾಯದ ಕೊಡುಗೈಯೂ ಒಟ್ಟಿಗೆ ಕೂತಿದ್ದವು. ನೋಡಿದವರಿಗೆ ಈ ಮನುಷ್ಯ ಜಿಪುಣನೋ ದಾನಿಯೋ ಗೊತ್ತಾಗುತ್ತಿರಲಿಲ್ಲ. ಬದಲಾಗುವ ಪಾತ್ರವನ್ನು ಒಂದೇ ಸಾಲಿನಲ್ಲಿ ಕೂರಿಸಿದರೆ ಆ ಬದಲಾವಣೆಯೇ ಮರೆಯಾಗುತ್ತದೆ. ಅದಕ್ಕೆ ಸ್ಕ್ರೂಜ್‌ನನ್ನು ಮೂರು ಮಾಡಿದೆವು: ಮೊದಲ ಸ್ಟೇವ್‌ನ ಸ್ಕ್ರೂಜ್, ದೆವ್ವಗಳ ಜೊತೆ ಅಲೆಯುವ ಎರಡರಿಂದ ನಾಲ್ಕನೇ ಸ್ಟೇವ್‌ನ ಸ್ಕ್ರೂಜ್, ಐದನೇ ಸ್ಟೇವ್‌ನ ಸ್ಕ್ರೂಜ್. ಉಳಿದವರಲ್ಲಿ ಮಾರ್ಲಿಗೆ, ಗುಮಾಸ್ತ ಬಾಬ್ ಕ್ರಾಚಿಟ್‌ನ ಮನೆಯವರಿಗೆ, ಸೋದರಳಿಯ ಫ್ರೆಡ್‌ಗೆ ಒಂದೊಂದು ಅಡ್ಡಸಾಲು. ಹಳೇ ಮಾಲೀಕ ಫೆಜಿವಿಗ್ ಮತ್ತು ಒಂದು ಕಾಲದ ಪ್ರೇಯಸಿ ಬೆಲ್, ಇವರಿಬ್ಬರೂ ಸ್ಕ್ರೂಜ್‌ನ ಹಿಂದಿನ ಬದುಕಿಗೆ ಸೇರಿದವರು, ಅವರ ಮಾತುಗಳು ನಡುವಣ ಸ್ಕ್ರೂಜ್‌ನ ಸಾಲಿಗೇ ಹೋದವು.

ಇನ್ನೊಂದು ಅಡ್ಡಸಾಲನ್ನು ನಾನು ಹಟ ಹಿಡಿದು ಸೇರಿಸಿದೆ: ನಿರೂಪಕ. ಕಥೆ ಹೇಳುವವನೂ ಒಂದು ಪಾತ್ರವೇ, ಮಕ್ಕಳು ಅದನ್ನು ಮರೆತೇಬಿಡುತ್ತಾರೆ. ಕತ್ತಲೆ ಅಗ್ಗ, ಸ್ಕ್ರೂಜ್‌ಗೆ ಅದು ಇಷ್ಟ ಅನ್ನುವ ಅರ್ಥದ ಒಂದು ಪುಟ್ಟ ವಾಕ್ಯ ಮೊದಲ ಸ್ಟೇವ್‌ನಲ್ಲಿದೆ: 'ಡಾರ್ಕ್‌ನೆಸ್ ಈಸ್ ಚೀಪ್, ಅಂಡ್ ಸ್ಕ್ರೂಜ್ ಲೈಕ್ಡ್ ಇಟ್'. ಇದು ಯಾವ ಪಾತ್ರದ ಮಾತೂ ಅಲ್ಲ. ಆದರೆ ಇಡೀ ಪುಸ್ತಕದ ದನಿ ಇದರಲ್ಲಿದೆ. ಒಂದೇ ಒಂದು ಬತ್ತಿಯ ಮಿಣುಕು ಬೆಳಕಿನಲ್ಲಿ ಕತ್ತಲ ಮೆಟ್ಟಿಲು ಹತ್ತುವ ಮುದುಕನನ್ನು ನಿರೂಪಕ ನಮಗೆ ಪಕ್ಕದಲ್ಲೇ ನಿಂತು ತೋರಿಸುತ್ತಾನೆ. ರಚನೆ, ಶೈಲಿ ಅಂತ ಬರೆಯಬೇಕಾದಾಗ ಈ ಸಾಲಿನ ಮನೆಗಳೇ ಕೈಹಿಡಿಯುತ್ತವೆ.

ಆಮೇಲೆ ಮೇಲ್ಗಡೆಯ ಆಶಯಗಳು. 'ಬಡತನ' ಅಂತ ಒಂದು ಪದ ಬರೆದಿಟ್ಟರೆ ಅದು ಬರೀ ವಿಷಯದ ಹೆಸರು, ಪುಸ್ತಕ ಅದರ ಬಗ್ಗೆ ಏನು ಹೇಳುತ್ತದೆ ಅನ್ನುವುದು ಅಲ್ಲಿಲ್ಲ. ನಾವು ಒಂದೊಂದನ್ನೂ ಪ್ರಶ್ನೆಯ ರೂಪಕ್ಕೆ ತಂದೆವು. 'ಬಡತನ' ಹೋಗಿ 'ಬಡವರ ಹೊಣೆ ಯಾರದು?' ಆಯಿತು. 'ದುರಾಸೆ' ಹೋಗಿ 'ದುಡ್ಡು ಮನುಷ್ಯನನ್ನು ಏನು ಮಾಡುತ್ತದೆ?' ಆಯಿತು. ಜೊತೆಗೆ 'ಒಂಟಿಯಾಗಿ ಬದುಕಬಹುದಾ?' ಮತ್ತು 'ಇಷ್ಟು ವಯಸ್ಸಾದ ಮೇಲೆ ಬದಲಾಗಬಹುದಾ?' ಒಟ್ಟು ನಾಲ್ಕು. 'ಕುಟುಂಬ' ಒಂಟಿತನದ ಕೆಳಗೇ ಬರುತ್ತದೆ ಅಂತ ಮಗಳೇ ಹೇಳಿದಳು. 'ಕ್ರಿಸ್‌ಮಸ್' ಅನ್ನುವುದಕ್ಕೆ ಬೇರೆ ಕಂಬ ಬೇಡ ಅಂತ ತೀರ್ಮಾನಿಸಿದೆವು, ಅದು ಎಲ್ಲ ಕಂಬಗಳಲ್ಲೂ ಹರಡಿಕೊಂಡಿದೆ. ಪ್ರಶ್ನೆಯ ರೂಪದಲ್ಲಿ ಬರೆದಾಗ ಏನಾಗುತ್ತದೆ ಅಂದರೆ, ಮನೆಗೆ ಬರುವ ಪ್ರತಿ ಸಾಲೂ ಒಂದು ಉತ್ತರ ಕೊಡಲೇಬೇಕು. ಬಡತನದ 'ಬಗ್ಗೆ' ಇದೆ ಅಂದ ಮಾತ್ರಕ್ಕೆ ಒಳಗೆ ಬಿಡುವ ಹಾಗಿಲ್ಲ.

ಈಗ ಮನೆ ತುಂಬುವ ಕೆಲಸ. ಒಂದೊಂದು ಸಾಲನ್ನೂ ಮೂರು ಮಾತು ಕೇಳಿ ಒಳಗೆ ಬಿಟ್ಟೆವು. ಐದಾರು ಪದದೊಳಗೆ ಇದೆಯಾ? ಅದರ ಒಂದಾದರೂ ಪದದ ಮೇಲೆ ಎರಡು ವಾಕ್ಯ ಮಾತಾಡಬಹುದಾ? ಪುಸ್ತಕದಲ್ಲಿ ಬೇರೆಲ್ಲಾದರೂ ಅದಕ್ಕೆ ಜೊತೆ ಇದೆಯಾ? ಮೂರನೆಯದು ಎಲ್ಲಕ್ಕಿಂತ ಮುಖ್ಯ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಮೊದಲ ಸ್ಟೇವ್‌ನಲ್ಲಿ ಸ್ಕ್ರೂಜ್‌ನನ್ನು ವರ್ಣಿಸುತ್ತಾ ಡಿಕನ್ಸ್ 'ಸಾಲಿಟರಿ ಆಸ್ ಆನ್ ಆಯ್ಸ್ಟರ್' ಅನ್ನುತ್ತಾನೆ. ಮುತ್ತಿನ ಚಿಪ್ಪಿನ ಹಾಗೆ ಒಂಟಿ. ಮಗಳ ಹಳೇ ಹಾಳೆಯಲ್ಲಿ ಈ ಸಾಲಿತ್ತು, ಪಕ್ಕದಲ್ಲಿ 'ಅವನು ಒಂಟಿ ಅಂತ ತೋರಿಸುತ್ತದೆ' ಅಂತ ಬರೆದುಕೊಂಡಿದ್ದಳು. ನಾನು ಕೇಳಿದೆ, 'ಒಂಟಿಯಾಗಿರೋದು ಬೇಕಾದಷ್ಟಿದೆ. ಮರ ಅನ್ನಬಹುದಿತ್ತು, ಬಂಡೆ ಅನ್ನಬಹುದಿತ್ತು. ಚಿಪ್ಪು ಯಾಕೆ?' ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: ಚಿಪ್ಪು ಹೊರಗೆ ಗಟ್ಟಿ, ಒಳಗೆ ಮೆತ್ತಗಿನ ಜೀವ ಇದೆ. ಅದು ತಾನಾಗಿ ಬಾಯಿ ಮುಚ್ಚಿಕೊಂಡಿರುತ್ತದೆ. ತೆರೆಯಬೇಕಾದರೆ ಯಾರಾದರೂ ಚಾಕು ಹಾಕಿ ಬಲವಂತವಾಗಿ ತೆರೆಯಬೇಕು. 'ಒಳಗೆ ಮುತ್ತೂ ಇರ್ಬಹುದು ಅಲ್ವಾ ಅಮ್ಮಾ?' ಅಂದಳು. ಅಲ್ಲಿಗೆ ಒಂದು ಪದದಲ್ಲಿ ಇಡೀ ಕಥೆ ಸಿಕ್ಕಿತು. ಚಾಕು ಹಾಕುವವು ದೆವ್ವಗಳು, ಮುತ್ತು ಐದನೇ ಸ್ಟೇವ್‌ನಲ್ಲಿ ಕಾಣುತ್ತದೆ. ಅಂದಮೇಲೆ ಈ ಸಾಲು ಒಂಟಿತನದ ಮನೆಯಲ್ಲಷ್ಟೇ ಅಲ್ಲ, ಬದಲಾವಣೆಯ ಮನೆಯಲ್ಲೂ ಕೂರುತ್ತದೆ.

ಇನ್ನು ಅದರ ಜೊತೆ. 'ಸಾಲಿಟರಿ' ಅನ್ನುವ ಅದೇ ಪದ ಎರಡನೇ ಸ್ಟೇವ್‌ನಲ್ಲಿ ಮತ್ತೆ ಬರುತ್ತದೆ. ಮೊದಲ ದೆವ್ವ ಸ್ಕ್ರೂಜ್‌ನನ್ನು ಅವನು ಓದಿದ ಶಾಲೆಗೆ ಕರೆದೊಯ್ಯುತ್ತದೆ. ರಜೆಗೆ ಎಲ್ಲ ಮಕ್ಕಳೂ ಮನೆಗೆ ಹೋಗಿದ್ದಾರೆ, ಒಬ್ಬನೇ ಒಬ್ಬ ಹುಡುಗ ಉಳಿದಿದ್ದಾನೆ. 'ಎ ಸಾಲಿಟರಿ ಚೈಲ್ಡ್, ನೆಗ್ಲೆಕ್ಟೆಡ್ ಬೈ ಹಿಸ್ ಫ್ರೆಂಡ್ಸ್' ಅನ್ನುತ್ತದೆ ದೆವ್ವ. ತನ್ನವರೇ ಕೈಬಿಟ್ಟ ಒಂಟಿ ಮಗು. ನನಗೆ ಗೊತ್ತು ಅಂತ ಸ್ಕ್ರೂಜ್ ಹೇಳಿ ಬಿಕ್ಕಿ ಅಳುತ್ತಾನೆ. ಮೊದಲ ಸ್ಟೇವ್‌ನಲ್ಲಿ ಒಂಟಿತನ ಅವನ ಗುಣ ಅನ್ನಿಸುತ್ತಿತ್ತು. ಇಲ್ಲಿ ಅದು ಗಾಯ ಅಂತ ತಿಳಿಯುತ್ತದೆ. ಒಂದೇ ಪದವನ್ನು ಎರಡು ಕಡೆ ಇಟ್ಟು ಡಿಕನ್ಸ್ ನಮ್ಮ ಸಿಟ್ಟನ್ನು ಮರುಕಕ್ಕೆ ತಿರುಗಿಸಿಬಿಟ್ಟ. ನನಗಂತೂ ಈ ಪುಸ್ತಕದಲ್ಲಿ ಅತಿ ಇಷ್ಟವಾದ ಜಾಗ ಇದೇ. ಪಟ್ಟಿಯಲ್ಲಿ ಈ ಎರಡು ಮನೆಗಳ ನಡುವೆ ಮಗಳು ಕೆಂಪು ಗೆರೆ ಎಳೆದಳು. ಅಲ್ಲಿಂದ ಮುಂದೆ ನಮ್ಮ ಹುಡುಕಾಟ ಸಾಲುಗಳಿಗಲ್ಲ, ಈ ಗೆರೆಗಳಿಗೆ.

ಗೆರೆ ಹುಡುಕುತ್ತಾ ಹೋದರೆ ಈ ಕಾದಂಬರಿ ಬಾಚಿಕೊಳ್ಳುವಷ್ಟು ಕೊಡುತ್ತದೆ. ಎಲ್ಲಕ್ಕಿಂತ ದೊಡ್ಡದು ಸ್ಕ್ರೂಜ್‌ನ ಮಾತು ಅವನಿಗೇ ತಿರುಗಿ ಬರುವುದು. ಬಡವರಿಗಾಗಿ ಚಂದಾ ಎತ್ತಲು ಇಬ್ಬರು ಮಹನೀಯರು ಅವನ ಕಚೇರಿಗೆ ಬರುತ್ತಾರೆ. 'ಆರ್ ದೇರ್ ನೋ ಪ್ರಿಸನ್ಸ್?' ಅನ್ನುತ್ತಾನೆ ಸ್ಕ್ರೂಜ್. ಜೈಲುಗಳಿಲ್ವಾ? ಬಡವರನ್ನು ಇಟ್ಟು ದುಡಿಸುವ ವರ್ಕ್‌ಹೌಸ್‌ಗಳಿಲ್ವಾ? ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ಮೇಲು ಅಂತ ಎಷ್ಟೋ ಜನ ಹೇಳುತ್ತಾರೆ ಅಂದರೆ, ಹಾಗಾದರೆ ಸಾಯಲಿ, 'ಡಿಕ್ರೀಸ್ ದ ಸರ್‌ಪ್ಲಸ್ ಪಾಪ್ಯುಲೇಷನ್', ಹೆಚ್ಚುವರಿ ಜನಸಂಖ್ಯೆ ಕಮ್ಮಿಯಾಗಲಿ ಅನ್ನುತ್ತಾನೆ.

ಮೂರನೇ ಸ್ಟೇವ್‌ನಲ್ಲಿ ಅವನು ಗುಮಾಸ್ತನ ಮನೆಯಲ್ಲಿ ಕುಂಟ ಮಗು ಟೈನಿ ಟಿಮ್‌ನನ್ನು ನೋಡುತ್ತಾನೆ. ಈ ಮಗು ಬದುಕುತ್ತಾ ಅಂತ ದೆವ್ವವನ್ನು ಕೇಳುತ್ತಾನೆ. ಸಾಯುವುದಾದರೆ ಸಾಯಲಿ, ಹೆಚ್ಚುವರಿ ಜನಸಂಖ್ಯೆ ಕಮ್ಮಿಯಾಗಲಿ ಅಂತ ದೆವ್ವ ಅವನದೇ ಪದಗಳನ್ನು ಅವನ ಮುಂದಿಡುತ್ತದೆ. ತನ್ನ ಮಾತನ್ನೇ ಕೇಳಿ ಸ್ಕ್ರೂಜ್ ತಲೆ ತಗ್ಗಿಸುತ್ತಾನೆ. ಅದೇ ಸ್ಟೇವ್‌ನ ಕೊನೆಗೆ ದೆವ್ವದ ನಿಲುವಂಗಿಯೊಳಗಿಂದ ಸೊರಗಿದ ಎರಡು ಮಕ್ಕಳು ಹೊರಬರುತ್ತವೆ. ಹುಡುಗನ ಹೆಸರು 'ಇಗ್ನರೆನ್ಸ್', ಅಜ್ಞಾನ. ಹುಡುಗಿಯ ಹೆಸರು 'ವಾಂಟ್', ಕೊರತೆ. ಇವರಿಗೆ ಎಲ್ಲೂ ಆಸರೆ ಇಲ್ವಾ ಅಂತ ಸ್ಕ್ರೂಜ್ ಕೇಳುತ್ತಾನೆ. 'ಆರ್ ದೇರ್ ನೋ ಪ್ರಿಸನ್ಸ್?' ಅಂತ ಉತ್ತರ ಬರುತ್ತದೆ. ಐದನೇ ಸ್ಟೇವ್‌ನಲ್ಲಿ, ಚಂದಾ ಕೇಳಿದ್ದವರಲ್ಲಿ ಒಬ್ಬರು ಬೀದಿಯಲ್ಲಿ ಸಿಕ್ಕಾಗ ಅವನು ಕಿವಿಯಲ್ಲಿ ಒಂದು ದೊಡ್ಡ ಮೊತ್ತ ಹೇಳಿ, ಇದರಲ್ಲಿ ಹಳೇ ಬಾಕಿ ತುಂಬಾ ಸೇರಿದೆ ಅನ್ನುತ್ತಾನೆ. 'ಬ್ಯಾಕ್ ಪೇಮೆಂಟ್ಸ್' ಅನ್ನುವುದು ಲೆಕ್ಕಪತ್ರದ ಪದ. ಬಡವರಿಗೆ ಕೊಡುವುದನ್ನು ದಾನ ಅನ್ನದೆ ಸಾಲ ತೀರಿಸುವುದು ಅನ್ನುವ ಹಾಗೆ ಸ್ಕ್ರೂಜ್ ಮಾತಾಡುತ್ತಿದ್ದಾನೆ. ಅವನ ವ್ಯಾಪಾರದ ಭಾಷೆ ಹೋಗಲಿಲ್ಲ, ಅದು ಒಳ್ಳೆಯ ಕೆಲಸಕ್ಕೆ ತಿರುಗಿತು.

ಸಂದರ್ಭದ ಆರು ಅಂಕ ಬರುವುದೂ ಇಂಥ ಪದಗಳಿಂದಲೇ. ಹಳೇ ಹಾಳೆಯಲ್ಲಿ 'ಸಂದರ್ಭ' ಅಂತ ಒಂದು ಬೇರೆ ಕಂಬವಿತ್ತು. ಡಿಕನ್ಸ್‌ನ ಅಪ್ಪ ಸಾಲ ತೀರಿಸಲಾಗದೆ 1824ರಲ್ಲಿ ಜೈಲಿಗೆ ಹೋದದ್ದು, ಹನ್ನೆರಡು ವರ್ಷದ ಹುಡುಗ ಬೂಟ್ ಪಾಲಿಶ್ ತಯಾರಿಸುವ ಜಾಗದಲ್ಲಿ ದುಡಿದದ್ದು, ಎಲ್ಲ ಅಲ್ಲಿತ್ತು. ಪರೀಕ್ಷೆಯಲ್ಲಿ ಅದು ಉತ್ತರದ ಕೊನೆಗೆ ಒಂದು ಜೀವನಚರಿತ್ರೆಯ ಪ್ಯಾರಾ ಆಗಿ ಬಂದು ಕೂತಿತ್ತು. ಪ್ರಶ್ನೆಗೂ ಅದಕ್ಕೂ ನಂಟಿರಲಿಲ್ಲ. ಈಗ ಸಂದರ್ಭವನ್ನು ಪದಕ್ಕೇ ಕಟ್ಟಿದೆವು. 'ವರ್ಕ್‌ಹೌಸ್' ಅನ್ನುವ ಪದದ ಕೆಳಗೆ ಪೆನ್ಸಿಲ್‌ನಲ್ಲಿ 1834, ಬಡವರ ಕಾಯಿದೆ ಬದಲಾದ ವರ್ಷ. ನೆರವು ಬೇಕಾದವರು ವರ್ಕ್‌ಹೌಸ್ ಒಳಗೆ ಹೋಗಬೇಕು, ಒಳಗಿನ ಬದುಕು ಹೊರಗಿನ ಅತಿ ಬಡ ಕೂಲಿಯವನದಕ್ಕಿಂತ ಕಷ್ಟವಾಗಿರಬೇಕು ಅನ್ನುವುದು ಅದರ ಹಿಂದಿನ ಯೋಚನೆ. 'ಸರ್‌ಪ್ಲಸ್' ಕೆಳಗೆ ಅರ್ಥಶಾಸ್ತ್ರಜ್ಞ ಮಾಲ್ಥಸ್, 1798. ಜನಸಂಖ್ಯೆ ಆಹಾರಕ್ಕಿಂತ ಬೇಗ ಬೆಳೆಯುತ್ತದೆ ಅಂತ ಅವನು ವಾದಿಸಿದ್ದ. ಇಷ್ಟು ಗೊತ್ತಿದ್ದರೆ ಸ್ಕ್ರೂಜ್ ಬರೀ ಕೆಟ್ಟ ಮುದುಕನಾಗಿ ಉಳಿಯುವುದಿಲ್ಲ. ಆ ಕಾಲದ ಎಷ್ಟೋ ಓದುಬರಹ ಬಲ್ಲವರು ಒಪ್ಪಿದ್ದ ಮಾತನ್ನು ಅವನು ಆಡುತ್ತಿದ್ದಾನೆ. ಈ ಒಂದು ಅರ್ಧ ವಾಕ್ಯ ಸಾಲಿನ ಜೊತೆಗೇ ಬಂದರೆ ಸಾಕು.

ಇನ್ನೊಂದು ಗೆರೆ ನನಗೆ ಕಾಣಿಸಿರಲಿಲ್ಲ, ಮಗಳು ಕಂಡುಹಿಡಿದಳು: ಬೆಂಕಿ. ಸ್ಕ್ರೂಜ್ ಬೆಣಚುಕಲ್ಲಿನ ಹಾಗೆ ಗಟ್ಟಿ, ಚೂಪು, ಆದರೆ ಯಾವ ಉಕ್ಕೂ ಅದರಿಂದ 'ಜೆನರಸ್ ಫೈರ್' ಹೊಡೆದು ತೆಗೆದಿರಲಿಲ್ಲ ಅಂತ ಮೊದಲ ಪುಟಗಳಲ್ಲೇ ಬರುತ್ತದೆ. ಕೊಡುಗೈಯ ಬೆಂಕಿ. ಸ್ವಲ್ಪ ಮುಂದೆ ಗುಮಾಸ್ತನ ಒಲೆ ಎಷ್ಟು ಚಿಕ್ಕದೆಂದರೆ 'ಒನ್ ಕೋಲ್', ಒಂದೇ ಕೆಂಡದ ಹಾಗೆ ಕಾಣುತ್ತದೆ. ಕೊನೆಯ ಸ್ಟೇವ್‌ನಲ್ಲಿ ಸ್ಕ್ರೂಜ್ ಬಾಬ್‌ಗೆ ಹೇಳುತ್ತಾನೆ: ಒಲೆಗಳನ್ನು ಚೆನ್ನಾಗಿ ಉರಿಸು, ಇನ್ನೊಂದು ಕಲ್ಲಿದ್ದಲ ಡಬ್ಬ ಕೊಂಡು ತಾ, ಆಮೇಲೆ ಮುಂದಿನ ಅಕ್ಷರ ಬರಿ. 'ಕೋಲ್ ಸ್ಕಟಲ್' ಅಂತ ಎರಡು ಪದ ನೆನಪಿಟ್ಟರೆ ಸಾಕು. ಮೊದಲ ಬೆಂಕಿ ಬರೀ ಉಪಮೆಯಲ್ಲಿ, ಅದೂ ಇಲ್ಲವೆಂದು. ಕೊನೆಯದು ಒಂದು ಕೋಣೆಯಲ್ಲಿ ನಿಜವಾಗಿ ಉರಿಯುವ ಬೆಂಕಿ. ರಚನೆಯ ಬಗ್ಗೆ ಬರೆಯುವುದಕ್ಕೆ ಇದಕ್ಕಿಂತ ಸುಲಭದ ದಾರಿ ನಮಗೆ ಸಿಗಲಿಲ್ಲ.

ಇಷ್ಟಾದ ಮೇಲೆ ಹಾಳೆಯ ಒಂದು ಮೂಲೆ ಹೀಗಿತ್ತು. ಮನೆಗಳಲ್ಲಿ ಪೂರ್ತಿ ಸಾಲಿಲ್ಲ, ನೆನಪನ್ನು ಎಬ್ಬಿಸುವ ಒಂದು ಕೊಕ್ಕೆ ಪದ ಮಾತ್ರ.

| | ಬಡವರ ಹೊಣೆ ಯಾರದು? | ದುಡ್ಡು ಏನು ಮಾಡುತ್ತದೆ? | ಒಂಟಿಯಾಗಿ ಬದುಕಬಹುದಾ? |
|---|---|---|---|
| ಸ್ಕ್ರೂಜ್, ಸ್ಟೇವ್ 1 | ಪ್ರಿಸನ್ಸ್, ಸರ್‌ಪ್ಲಸ್ | ಜೆನರಸ್ ಫೈರ್, ಒನ್ ಕೋಲ್ | ಆಯ್ಸ್ಟರ್ |
| ಸ್ಕ್ರೂಜ್, ಸ್ಟೇವ್ 2ರಿಂದ 4 | ಸರ್‌ಪ್ಲಸ್ ಮತ್ತೆ | ಐಡಲ್ | ಸಾಲಿಟರಿ ಚೈಲ್ಡ್ |
| ಸ್ಕ್ರೂಜ್, ಸ್ಟೇವ್ 5 | ಬ್ಯಾಕ್ ಪೇಮೆಂಟ್ಸ್ | ಕೋಲ್ ಸ್ಕಟಲ್ | |
| ಮಾರ್ಲಿ | ಮ್ಯಾನ್‌ಕೈಂಡ್ | ಚೈನ್ | |
| ಫ್ರೆಡ್ | | | ಫೆಲೋ ಪ್ಯಾಸೆಂಜರ್ಸ್ |

'ಐಡಲ್' ಅಂದರೆ ಬೆಲ್ ಅವನನ್ನು ಬಿಟ್ಟುಹೋಗುವಾಗ ಆಡಿದ ಮಾತು, ನನ್ನ ಜಾಗದಲ್ಲಿ ಇನ್ನೊಂದು ವಿಗ್ರಹ ಬಂದು ಕೂತಿದೆ, ಚಿನ್ನದ್ದು ಅಂತ. 'ಚೈನ್' ಮಾರ್ಲಿಯ ಸರಪಳಿ, ಬದುಕಿದ್ದಾಗ ನಾನೇ ಬಡಿದು ಮಾಡಿಕೊಂಡದ್ದು ಅನ್ನುತ್ತಾನೆ. 'ಮ್ಯಾನ್‌ಕೈಂಡ್' ಕೂಡ ಅವನದೇ, ಮನುಷ್ಯಕುಲವೇ ನನ್ನ ವ್ಯವಹಾರವಾಗಿತ್ತು ಅನ್ನುವ ಮಾತು. ಫ್ರೆಡ್‌ನ ಸಾಲು, ಬಡವರೂ ನಮ್ಮ ಜೊತೆ ಮಣ್ಣಿನ ಕಡೆಗೇ ಹೊರಟ ಸಹಪ್ರಯಾಣಿಕರು ಅನ್ನುವುದು. ಇದನ್ನು ಮೊದಲ ಕಂಬಕ್ಕೂ ಹಾಕಬಹುದು. ಒಂದೇ ಮನೆಯಲ್ಲಿ ಬರೆದು ಇನ್ನೊಂದಕ್ಕೆ ಗೆರೆ ಎಳೆದೆವು.

ಖಾಲಿ ಮನೆಗಳನ್ನು ನೋಡಿ ಮಗಳಿಗೆ ಮೊದಲು ಕಸಿವಿಸಿ ಆಯಿತು. ಆದರೆ ಖಾಲಿಯೂ ಒಂದು ಮಾಹಿತಿ. ಸ್ಟೇವ್ 5ರ ಸ್ಕ್ರೂಜ್‌ಗೆ ಒಂಟಿತನದ ಮನೆ ಯಾಕೆ ಖಾಲಿ? ಅವನು ಒಂಟಿಯಾಗಿ ಉಳಿಯಲೇ ಇಲ್ಲ, ಫ್ರೆಡ್‌ನ ಮನೆಗೆ ಊಟಕ್ಕೆ ಹೋಗುತ್ತಾನೆ. ಅಲ್ಲಿ ಸಾಲು ಬೇಡ, ಘಟನೆ ಸಾಕು. ಪರೀಕ್ಷಕರಿಗೂ ಆಧಾರ ಅಂದರೆ ಪದಕ್ಕೆ ಪದ ಉದ್ಧರಿಸಿದ್ದೇ ಆಗಬೇಕಿಲ್ಲ, ಪುಸ್ತಕದ ಒಂದು ಸನ್ನಿವೇಶವನ್ನು ನಿಖರವಾಗಿ ಹೇಳಿದರೂ ಅದು ಆಧಾರವೇ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಸುಮ್ನೆ ಹೆದರಿ ಉದ್ದುದ್ದ ಸಾಲುಗಳನ್ನು ಉರು ಹೊಡೆಯುತ್ತಾರೆ.

ಅಭ್ಯಾಸ ಮಾಡಿದ್ದು ಹೀಗೆ. ವಾರಕ್ಕೆ ಎರಡು ಸಲ, ಹಾಳೆ ನೋಡದೆ, ಖಾಲಿ ಚೌಕಗಳ ಮೇಲೆ ಕೊಕ್ಕೆ ಪದಗಳನ್ನಷ್ಟೇ ಬರೆಯುವುದು. ಹತ್ತು ನಿಮಿಷ. ಮರೆತ ಮನೆ ಯಾವುದೆಂದು ಆಗ ತಾನೇ ಗೊತ್ತಾಗುತ್ತದೆ. ಆಮೇಲೆ ಒಂದು ಕೆಂಪು ಗೆರೆಯನ್ನು ಆರಿಸಿ ಅದರ ಮೇಲೆ ಒಂದೇ ಪ್ಯಾರಾ, ಹನ್ನೆರಡು ನಿಮಿಷದಲ್ಲಿ. ಸಾಲನ್ನು ತಪ್ಪಾಗಿ ನೆನಪಿಟ್ಟುಕೊಂಡಿರುವುದು ಇಲ್ಲೇ ಸಿಕ್ಕಿಬೀಳುತ್ತದೆ. ಒಮ್ಮೆ ಅವಳು 'ಲೋನ್ಲಿ ಆಸ್ ಆನ್ ಆಯ್ಸ್ಟರ್' ಅಂತ ಬರೆದಿದ್ದಳು. ಅರ್ಥ ಒಂದೇ ಅಲ್ವಾ ಅನ್ನಿಸಬಹುದು. ಆದರೆ 'ಸಾಲಿಟರಿ' ಹೋದರೆ ಆ ಒಂಟಿ ಮಗುವಿಗೆ ಹೋಗುವ ಗೆರೆಯೇ ಕಡಿದುಹೋಗುತ್ತದೆ. ಅದಕ್ಕೇ ಚಿಕ್ಕ ಸಾಲು ಮೇಲು. ಎರಡು ಪದ ಸರಿಯಾಗಿ ಬಂದರೆ ಹತ್ತು ಪದ ಹೆಚ್ಚುಕಡಿಮೆ ಬರುವುದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಒಂದು ಅಪಾಯವನ್ನೂ ಹೇಳಬೇಕು. ಪಟ್ಟಿ ಚೆನ್ನಾಗಿ ಬಂದಷ್ಟೂ ಮಕ್ಕಳು ಅಚ್ಚಾದ ತುಣುಕನ್ನು ಓದದೆ ಪಟ್ಟಿಯನ್ನೇ ಸುರಿಯಲು ಹೊರಡುತ್ತಾರೆ. ತುಣುಕಿನಲ್ಲಿ ಹೊಸ ಪದವಿರುತ್ತದೆ, ಅದು ನಮ್ಮ ಹನ್ನೆರಡರಲ್ಲಿ ಇರುವುದಿಲ್ಲ, ಅದನ್ನು ದಾಟಿ ಹೋಗುತ್ತಾರೆ. ಉತ್ತರದ ಮೊದಲ ಪ್ಯಾರಾದಲ್ಲಿ ತುಣುಕಿನ ಪದ ಒಂದೂ ಇಲ್ಲದಿದ್ದರೆ ಹೀಗಾಗಿದೆ ಅಂತ ತಿಳಿಯಬೇಕು. ನಾವು ಮಾಡಿಕೊಂಡ ನಿಯಮ ಇಷ್ಟೇ: ಮೊದಲು ತುಣುಕಿನಿಂದ ಒಂದು ಪದ, ಆಮೇಲೆ ಅಲ್ಲಿಂದ ಪಟ್ಟಿಯ ಯಾವ ಮನೆಗೆ ಗೆರೆ ಹೋಗುತ್ತದೆ ಅಂತ ನೋಡುವುದು.

ಈ ಹಾಳೆಯನ್ನು ಹಾಗೇ ಎತ್ತಿ ಬೇರೆ ಕಾದಂಬರಿಗೆ ಅಂಟಿಸಲು ಬರುವುದಿಲ್ಲ. ಮಗಳ ಗೆಳತಿಯ ಶಾಲೆಯಲ್ಲಿ ಸ್ಟೀವನ್‌ಸನ್‌ನ ಜೆಕಿಲ್ ಮತ್ತು ಹೈಡ್ ಕಥೆ ಇತ್ತು. ಅಲ್ಲಿ ಒಬ್ಬನೇ ಮನುಷ್ಯನಿಗೆ ಎರಡು ಹೆಸರು. ಸ್ಕ್ರೂಜ್‌ನ ಹಾಗೆ ಮೊದಲು, ಆಮೇಲೆ ಅಂತ ಸೀಳಿದರೆ ಉಪಯೋಗವಿಲ್ಲ. ಜೆಕಿಲ್ ಒಂದು ಸಾಲು, ಹೈಡ್ ಒಂದು ಸಾಲು ಮಾಡಿ, ನಡುವಿನ ಗೆರೆಯನ್ನು ದಪ್ಪಗೆ ಎಳೆಯದೆ ಚುಕ್ಕಿಚುಕ್ಕಿಯಾಗಿ ಬಿಡಬೇಕಾಯಿತು. ಜೊತೆಗೆ ಹೈಡ್‌ನನ್ನು ಕಂಡವರಿಗೆ ಅವನಲ್ಲಿ ಏನು ವಿಕಾರ ಅಂತ ಹೇಳಲು ಆಗುವುದೇ ಇಲ್ಲ. ಹಾಗಾಗಿ 'ನೋಡಿದವರು' ಅಂತಲೇ ಒಂದು ಸಾಲು ಬೇಕಾಯಿತು. ಪಟ್ಟಿಯ ಆಕಾರವನ್ನು ಕಾದಂಬರಿಯೇ ಹೇಳುತ್ತದೆ. ಅದಕ್ಕೆ ಪುಸ್ತಕವನ್ನು ಎರಡು ಸಲ ಓದುವ ಮೊದಲು ಗೆರೆ ಹಾಕಲು ಕೂರಬಾರದು.

ಮುಂದಿನ ಅಣಕು ಪರೀಕ್ಷೆಯಲ್ಲಿ ಬಂದದ್ದು ಒಂಟಿತನದ ಪ್ರಶ್ನೆ, ತುಣುಕು ಆ ಶಾಲೆಯ ಕೋಣೆಯ ದೃಶ್ಯ. ಅವಳು 'ನೆಗ್ಲೆಕ್ಟೆಡ್' ಅನ್ನುವ ಪದದಿಂದ ಶುರು ಮಾಡಿದ್ದಳು. ಈ ಮಗು ತಾನಾಗಿ ಒಂಟಿಯಾಗಲಿಲ್ಲ, ಒಂಟಿ ಮಾಡಲಾಯಿತು ಅಂತ. ಅಲ್ಲಿಂದ ಹಿಂದಕ್ಕೆ ಚಿಪ್ಪಿಗೆ ಹೋಗಿ, ಈಗ ಆ ಗಟ್ಟಿ ಹೊದಿಕೆ ದುರಹಂಕಾರದ ಹಾಗೆ ಕಾಣುವುದಿಲ್ಲ, ರಕ್ಷಣೆಯ ಹಾಗೆ ಕಾಣುತ್ತದೆ ಅಂತ ಬರೆದಿದ್ದಳು. ಆಮೇಲೆ ಮುಂದಕ್ಕೆ ಫ್ರೆಡ್‌ನ ಸಹಪ್ರಯಾಣಿಕರು, ಕೊನೆಗೆ ಫ್ರೆಡ್‌ನ ಮನೆ ಬಾಗಿಲು. ಇಡೀ ಉತ್ತರದಲ್ಲಿ ನೆನಪಿನಿಂದ ತಂದ ಸಾಲು ನಾಲ್ಕೇ. ಬಾಗಿಲು ತಟ್ಟುವ ಧೈರ್ಯ ಬರುವ ಮೊದಲು ಸ್ಕ್ರೂಜ್ ಆ ಮನೆಯ ಮುಂದೆ ಎಷ್ಟೋ ಸಲ ಹೋಗಿ ಬಂದು ಮಾಡುತ್ತಾನಲ್ಲ, ಅದನ್ನು ಅವಳು ಸಾಲಿಲ್ಲದೆ, ತನ್ನ ಮಾತಿನಲ್ಲೇ ಬರೆದಿದ್ದಳು.